ಅಕ್ಷಾಂಶದಲ್ಲಿ ಅರಿಸಮಾಸ

ಮನೆಯ ಹೆಸರು ಬದಲಾಯಿಸುವ ಸಂಚು ಅಟ್ಲಾಸ್‌ನ ಕಿವಿಗೆ ಬಿದ್ದಾಗ ಅವನ ಮುಖದ ತುಂಬ ಸೋಪಿನ ನೊರೆಯಿತ್ತು. ಅವನಿದ್ದದ್ದು ಬಚ್ಚಲುಮನೆಯಲ್ಲಿ. ನಲ್ಲಿ ತಿರುಗಿಸಲು ಕೈ ಚಾಚಿದ್ದ, ಅಷ್ಟರಲ್ಲಿ ಗೋಡೆಯಾಚೆ ಒಲೆಯ ಬಳಿಯಿಂದ ಹೆಂಡತಿಯ ಪಿಸುದನಿ ಕೇಳಿತು.

"ಮನೆ ಹೆಸರು ಬದಲಾಯಿಸಿಬಿಡೋದೇ ಒಳ್ಳೇದು ಕಣೆ. ಇವರಿಗೆ ಮಾತ್ರ ಮೊದ್ಲೇ ಗೊತ್ತಾಗಬಾರದು."

"ಭಾವಂಗೆ ಗೊತ್ತಾದ್ರೆ ಮುಗೀತು ಅಕ್ಕ, ಆಗೋದೇ ಇಲ್ಲ. ನಮ್ಮನೆಯವರು ಎಲ್ಲ ಮಾತಾಡ್ಕೊಂಡು ಬಂದಿದಾರೆ. ಮುಂದಿನ ವಾರದೊಳಗೆ ಕೆಲಸ ಮುಗಿದುಹೋಗತ್ತೆ."

ಎರಡನೆಯ ದನಿ ತಮ್ಮನ ಹೆಂಡತಿಯದು. ಅಟ್ಲಾಸ್ ಚಾಚಿದ ಕೈಯನ್ನು ಹಾಗೆಯೇ ಹಿಡಿದು ನಿಂತ. ಮನೆಯ ಹೆಸರು ಬದಲಾಯಿಸುವುದು ಎಂದರೆ ಲೋಕಾರೂಢಿಯಲ್ಲಿ ಒಂದೇ ಅರ್ಥ: ಒಬ್ಬರ ಹೆಸರಿನಲ್ಲಿರುವ ಆಸ್ತಿಯನ್ನು ಇನ್ನೊಬ್ಬರ ಹೆಸರಿಗೆ ಮಾಡಿಕೊಳ್ಳುವುದು. ನೊರೆ ಒಣಗಿ ಮುಖ ಬಿಗಿಯತೊಡಗಿತು. (ಸೋಪಿನಿಂದ ಅರ್ಧ, ಸಂಶಯದಿಂದ ಅರ್ಧ.)

ಅಟ್ಲಾಸ್ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನು ನಕ್ಷೆಗಳನ್ನು ಮುದ್ರಿಸುವ ಕಚೇರಿಯೊಂದರ ಹೆಸರುಗಳ ವಿಭಾಗದಲ್ಲಿ ಪರಿಶೀಲಕ. ಯಾವ ದೇಶಕ್ಕೆ ಯಾವ ಹೆಸರು ಅಚ್ಚಾಗಬೇಕು, ಯಾವುದರ ಹಳೆಯ ಹೆಸರನ್ನು ಆವರಣದೊಳಗೆ ಸಣ್ಣಕ್ಷರದಲ್ಲಿ ಉಳಿಸಬೇಕು, ಯಾವುದನ್ನು ಪುಸ್ತಕದ ಕೊನೆಯ ಸೂಚಿಗೆ ತಳ್ಳಿ 'ಸಿಲೋನ್: ನೋಡಿ ಶ್ರೀಲಂಕಾ' ಎಂದು ಬರೆಯಬೇಕು, ಇವನ್ನೆಲ್ಲ ತೀರ್ಮಾನಿಸುವವನು ಅವನೇ. ಮನೆಯಲ್ಲಿ ಅವನು ಯಾವುದನ್ನೂ ತೀರ್ಮಾನಿಸಿದ ದಾಖಲೆ ಇಲ್ಲ.

ಮನೆಯ ವಿಚಾರ ಹೀಗೆ. ಅಣ್ಣ ತಮ್ಮಂದಿರು ಒಂದೇ ಗೋಡೆಯ ಆಚೆ ಈಚೆ ಎರಡು ಮನೆ ಕಟ್ಟಿಸಿಕೊಂಡಿದ್ದರು. ಅಟ್ಲಾಸ್‌ನ ಮನೆಗೆ 'ಅಕ್ಷಾಂಶ' ಎಂಬ ಫಲಕ. ತಮ್ಮ ಹಲ್ಲಿನ ಡಾಕ್ಟರಾದ್ದರಿಂದ ಅವನ ಮನೆಗೆ 'ನಗು'. ಎಂಟು ವರ್ಷಗಳ ಹಿಂದೆ, ಎರಡೂ ಕಡೆ ಸೌಟು ಆಡಿಸುವ ಬದಲು ಒಂದೇ ಒಲೆ ಸಾಕು ಎಂದು ಹೆಂಗಸರು ಹೇಳಿದ ಮೇಲೆ ನಡುವಿನ ಗೋಡೆ ಒಡೆದರು. ಅಟ್ಲಾಸ್ ಅದನ್ನು 'ಪುನರ್ವಿಂಗಡಣೆ' ಎಂದು ಕರೆದ. ಅವನ ಕಡೆಯ ಗೇಟು ದೊಡ್ಡದು, ಹಾಗಾಗಿ ಅದನ್ನೇ ಇಟ್ಟುಕೊಂಡರು. ಗೇಟಿನ ಜೊತೆಗೆ 'ಅಕ್ಷಾಂಶ'ವೂ ಉಳಿಯಿತು. 'ನಗು' ಫಲಕ ಕಳಚಿ ಏಣಿಯ ಹಿಂದೆ ಹೋಯಿತು. ತಮ್ಮನ ಅಡುಗೆಮನೆ ಅವನ ದಂತ ಚಿಕಿತ್ಸಾಲಯವಾಯಿತು. ಆದರೆ ಮನೆಯವರ ಬಾಯಲ್ಲಿ ಅದು ಇವತ್ತಿಗೂ ಅಡುಗೆಮನೆಯೇ. "ಡಾಕ್ಟ್ರು ಇದಾರಾ?" ಎಂದು ಹೊಸಬರು ಯಾರಾದರೂ ಬಂದರೆ, "ಇದಾರೆ, ಅಡುಗೆಮನೇಲಿ ಹಲ್ಲು ಕೀಳ್ತಿದಾರೆ" ಎಂಬ ಉತ್ತರ ಕೇಳಿ ಇಬ್ಬರು ಬಂದ ದಾರಿ ಹಿಡಿದಿದ್ದುಂಟು.

ಇಂಥ ಮನೆಯನ್ನು ತಮ್ಮ ತನ್ನ ಹೆಸರಿಗೆ ಮಾಡಿಕೊಳ್ಳುತ್ತಿದ್ದಾನೆ! ಅದೂ ಅಣ್ಣನ ಸ್ವಂತ ಹೆಂಡತಿಯ ಕುಮ್ಮಕ್ಕಿನಿಂದ! ಅಟ್ಲಾಸ್ ಮುಖ ತೊಳೆದುಕೊಂಡು ಏನೂ ಕೇಳದವನಂತೆ ಹೊರಗೆ ಬಂದ.

"ಯಾಕ್ರೀ, ಮುಖ ಗಂಟಿಕ್ಕಿದೆ?"

"ಸೋಪು."

ಅಂದಿನಿಂದ ಅವನು ಪತ್ತೇದಾರನಾದ. ಪತ್ತೇದಾರನಿಗೆ ಸಾಕ್ಷ್ಯದ ಬರವೂ ಇರಲಿಲ್ಲ. ಮರುದಿನ ಬೆಳಿಗ್ಗೆಯೇ ತಮ್ಮ ಗೇಟಿನ ಕಂಬದ ಅಗಲ ಅಳೆಯುತ್ತಿದ್ದುದನ್ನು ಕಿಟಕಿಯಿಂದ ಕಂಡ. ಸಂಜೆ ತಮ್ಮನ ಹೆಂಡತಿ (ಶಾಲೆಯಲ್ಲಿ ವ್ಯಾಕರಣ ಕಲಿಸುವ ಈಕೆಯನ್ನು ಮನೆಯಲ್ಲೂ ಟೀಚರ್ ಎಂದೇ ಕರೆಯುವುದು) "ಭಾವ, ನಿಮಗೆ ಅಕ್ಷರ ದಪ್ಪಗಿದ್ರೆ ಇಷ್ಟಾನೋ ತೆಳ್ಳಗಿದ್ರೋ?" ಎಂದು ಸುಮ್ಮನೆ ಕೇಳಿದಳು. ಯಾರೂ ಇಂಥ ಪ್ರಶ್ನೆಯನ್ನು ಸುಮ್ಮನೆ ಕೇಳುವುದಿಲ್ಲ. ಸಹಿಯ ನಕಲು ಮಾಡುವವರು ಕೇಳುತ್ತಾರೆ. ಅವನು "ಅಕ್ಷರ ಅಕ್ಷರದ ಹಾಗಿದ್ರೆ ಸಾಕು" ಎಂದು ಜಾರಿಕೊಂಡ. ತಮ್ಮನ ಏಳು ವರ್ಷದ ಮಗಳು ಗುಬ್ಬಿಯನ್ನು ಹತ್ತಿರ ಕರೆದು, "ಮನೇಲಿ ಏನಮ್ಮ ಸಮಾಚಾರ?" ಎಂದು ಬೆಣ್ಣೆ ಹಚ್ಚಿದರೆ, ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಓಡಿದಳು. ಮಗುವನ್ನೂ ಪಿತೂರಿಗೆ ಸೇರಿಸಿಕೊಂಡಿದ್ದಾರೆ!

ಕಚೇರಿಯಲ್ಲಿ ಅವನ ಪಕ್ಕದ ಮೇಜಿನವನು ಗಡಿ ವಿಭಾಗದವನು. ಎಲ್ಲರೂ ಅವನನ್ನು ಗಡಿ ಎಂದೇ ಕರೆಯುತ್ತಾರೆ. ಮೂವತ್ತು ವರ್ಷ ಗಡಿ ರೇಖೆಗಳನ್ನೇ ತಿದ್ದಿದ ಅವನಿಗೆ ಇಬ್ಬರು ಕೈಕುಲುಕಿದರೂ ನಡುವೆ ಒಂದು ಚುಕ್ಕೆಗೆರೆ ಕಾಣುತ್ತದೆ. ಅಟ್ಲಾಸ್ ಅವನ ಮುಂದೆ ದುಃಖ ತೋಡಿಕೊಂಡ.

"ಹೆಸರು ಬದಲಾಯಿಸ್ತಾರಂತಾ?" ಗಡಿ ಪೆನ್ಸಿಲ್ ಕೆಳಗಿಟ್ಟ. "ಹಾಗಾದ್ರೆ ಗಡಿ ಬದಲಾಗಿ ಎಷ್ಟೋ ಕಾಲ ಆಗಿದೆ ಅಂತ ತಿಳ್ಕೋ."

"ಅದು ಸರೀನೆ. ಮೊದಲು ಗಡಿ, ಆಮೇಲೆ ಹೆಸರು. ಮದ್ರಾಸ್ ರಾಜ್ಯದಿಂದ ಬೇರೆ ಭಾಷೆಯ ಜಿಲ್ಲೆಗಳು ಹೊರಗೆ ಹೋಗಿ ಮುಗಿದಿದ್ದು ಐವತ್ತಾರರಲ್ಲಿ. ತಮಿಳುನಾಡು ಅನ್ನೋ ಹೆಸರು ಬಂದಿದ್ದು ಅರವತ್ತೊಂಬತ್ತರಲ್ಲಿ. ಮೈಸೂರು ರಾಜ್ಯ ದೊಡ್ಡದಾಗಿದ್ದೂ ಐವತ್ತಾರರಲ್ಲೇ, ಕರ್ನಾಟಕ ಆಗೋ ಹೊತ್ತಿಗೆ ಇನ್ನೂ ಹದಿನೇಳು ವರ್ಷ ಹಿಡೀತು."

"ನಿಮ್ಮನೆ ಗೋಡೆ ಬಿದ್ದು?"

"ಎಂಟು ವರ್ಷ."

"ನೋಡಿದ್ಯಾ? ನಿನ್ನ ತಮ್ಮಂಗೆ ಅವಸರ ಜಾಸ್ತಿ."

"ಆದ್ರೆ ಅದಕ್ಕೊಂದು ಕ್ರಮ ಇದೆಯಲ್ಲಪ್ಪ! ವಿಧಾನಸಭೆ ನಿರ್ಣಯ ಮಾಡಬೇಕು, ಸಂಸತ್ತು ಕಾಯಿದೆ ಮಾಡಬೇಕು. ಒಲೆ ಮುಂದೆ ನಿಂತು ಪಿಸುಪಿಸು ಅಂತ ಯಾರೂ ರಾಜ್ಯದ ಹೆಸರು ಬದಲಾಯಿಸಲ್ಲ."

"ಕ್ರಮ ಇಲ್ಲದ ಕಡೆ ನಾನು ಟೇಪು ಹಿಡ್ಕೊಂಡು ಬರ್ತೀನಿ. ಭಾನುವಾರ ಪುರುಸೊತ್ತಾಗಿದೀನಿ."

ಟೇಪಿಗೆ ಮೊದಲು ಒಂದು ಗಾಳ ಹಾಕಿ ನೋಡೋಣ ಎಂದುಕೊಂಡ ಅಟ್ಲಾಸ್. ಆ ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ, ಒಬ್ಬೊಬ್ಬರ ಮುಖವನ್ನೂ ಗಮನಿಸುತ್ತ ಶುರುಮಾಡಿದ.

"ಇವತ್ತು ಆಫೀಸಲ್ಲಿ ಡಹೋಮಿ ಬಂದಿತ್ತು."

"ಯಾರ್ರೀ ಅದು? ಕಾಫಿ ಕೊಡಿಸಿ ಕಳಿಸಿದ್ರಾ?" ಎಂದಳು ಹೆಂಡತಿ.

"ಅದು ದೇಶ ಕಣೆ. ಆಫ್ರಿಕಾದ್ದು. ಅರವತ್ತರಲ್ಲಿ ಫ್ರೆಂಚರಿಂದ ಬಿಡುಗಡೆ ಆಯ್ತು. ಹದಿನೈದು ವರ್ಷ ಆದ ಮೇಲೆ ಬೆನಿನ್ ಅಂತ ಹೆಸರು ಬದಲಾಯಿಸಿಕೊಂಡ್ರು." ಹೆಸರು ಬದಲಾಯಿಸಿಕೊಂಡರು ಎನ್ನುವಲ್ಲಿ ದನಿಗೆ ಸ್ವಲ್ಪ ಒತ್ತು ಕೊಟ್ಟು ತಮ್ಮನನ್ನು ದಿಟ್ಟಿಸಿದ. ತಮ್ಮ ನೀರು ಕುಡಿಯುತ್ತಿದ್ದವನು ಲೋಟದ ಅಂಚಿನ ಮೇಲಿಂದ ಟೀಚರನ್ನು ನೋಡಿದ. ಟೀಚರ್ ಅಕ್ಕನನ್ನು ನೋಡಿದಳು. ಸಿಕ್ಕಿಬಿದ್ದರು!

"ಯಾಕೆ ದೊಡ್ಡಪ್ಪ?" ಎಂದಳು ಗುಬ್ಬಿ.

ಅಟ್ಲಾಸ್‌ಗೆ ಒಂದು ದೌರ್ಬಲ್ಯವಿದೆ. 'ಯಾಕೆ' ಎಂದು ಯಾರಾದರೂ ಕೇಳಿದರೆ ಗಾಳವನ್ನೂ ಮೀನನ್ನೂ ಮರೆತು ಉತ್ತರ ಹೇಳಿಬಿಡುತ್ತಾನೆ.

"ಯಾಕೆ ಅಂದ್ರೆ ಪುಟ್ಟ, ಡಹೋಮಿ ಅನ್ನೋದು ಆ ದೇಶದ ದಕ್ಷಿಣದಲ್ಲಿದ್ದ ಒಂದು ಹಳೇ ರಾಜ್ಯದ ಹೆಸರು. ದೇಶದಲ್ಲಿ ಬೇರೆ ಜನಾನೂ ಇದ್ರು, ಉತ್ತರದವರು ಎಲ್ಲ. ಅವರು ಎಲ್ಲಿಗೆ ಹೋದ್ರೂ ಯಾರದೋ ಹೆಸರು ಹೇಳ್ಕೊಂಡು ತಿರುಗಬೇಕಾ? ಅದಕ್ಕೆ ಯಾರಿಗೂ ಸೇರದ ಹೆಸರು ಹುಡುಕಿದ್ರು. ಎದುರಿಗಿದ್ದ ಕೊಲ್ಲಿಯ ಹೆಸರು ಬೆನಿನ್, ಅದನ್ನೇ ಇಟ್ಟುಕೊಂಡ್ರು. ತಮಾಷೆ ಏನು ಗೊತ್ತಾ? ಹಳೇ ಬೆನಿನ್ ರಾಜ್ಯ ಇದ್ದಿದ್ದು ಪಕ್ಕದ ನೈಜೀರಿಯಾದಲ್ಲಿ! ಘಾನಾ ಕಥೇನೂ ಹಾಗೇ. ಬ್ರಿಟಿಷರು ಅದನ್ನ ಚಿನ್ನದ ಕರಾವಳಿ ಅಂತಿದ್ರು. ಅಂದ್ರೆ ಅಲ್ಲಿಂದ ತಾವೇನು ಹೊತ್ತುಕೊಂಡು ಹೋಗ್ತೀವೋ ಅದರ ಹೆಸರು. ಸ್ವಾತಂತ್ರ್ಯ ಬಂದ ದಿನವೇ ಜನ ಅದನ್ನ ಕಿತ್ತುಹಾಕಿ, ತುಂಬ ದೂರದಲ್ಲಿದ್ದ ಹಳೇ ಸಾಮ್ರಾಜ್ಯದ ಹೆಸರು ಇಟ್ಟುಕೊಂಡ್ರು. ಹೊರಗಿನವರು ಇಟ್ಟಿದ್ದು ಬೇಡ, ನಮ್ಮದು ಅನ್ನಿಸೋ ಹೆಸರು ಬೇಕು ಅಂತ."

"ಯಾರದೋ ಹೆಸರು ಹೇಳ್ಕೊಂಡು ತಿರುಗಬೇಕಾ," ಎಂದು ಹೆಂಡತಿ ನಿಧಾನವಾಗಿ ಮಾತನ್ನು ಬಾಯಲ್ಲಿ ಆಡಿಸಿ ನೋಡಿದಳು. "ಚೆನ್ನಾಗಿದೆ ಕಣ್ರೀ ಇದು. ಇನ್ನೊಂದು ಸಲ ಹೇಳಿ."

ಅಟ್ಲಾಸ್ ಸಂತೋಷದಿಂದ ಇನ್ನೊಂದು ಸಲ ಹೇಳಿದ. ಮಲಗಲು ಹೋದಾಗ ಮಾತ್ರ ಹೊಳೆಯಿತು: ಮದುವೆಯಾದಂದಿನಿಂದ ಇಂದಿನವರೆಗೆ ಅವಳು ಯಾವ ಮಾತನ್ನೂ ಇನ್ನೊಂದು ಸಲ ಹೇಳಿ ಎಂದು ಕೇಳಿದವಳಲ್ಲ. ಸಂಶಯ ಇನ್ನಷ್ಟು ಬಲಿಯಿತು.

ಭಾನುವಾರ ಬೆಳಿಗ್ಗೆ ಗಡಿ ಟೇಪಿನೊಂದಿಗೆ ಹಾಜರಾದ. ಹಿಂದೆ ಗೋಡೆಯಿದ್ದ ಜಾಗದಲ್ಲಿ ನೆಲಹಾಸಿನ ಬಣ್ಣ ಕೊಂಚ ಬೇರೆ. ಅದರ ಜಾಡು ಹಿಡಿದು ಅಟ್ಲಾಸ್ ಮಂಡಿಯೂರಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಹೋದ. ಗಡಿ ಟೇಪು ಹಿಡಿದು "ಎಡಕ್ಕೆ, ಇನ್ನೂ ಒಂದು ಬೆರಳು ಎಡಕ್ಕೆ" ಎಂದು ನಿರ್ದೇಶಿಸಿದ. ಗೆರೆ ಹಜಾರವನ್ನು ಸೀಳಿ ಊಟದ ಮೇಜಿನ ಕೆಳಗೆ ನುಸುಳಿ, ಅಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದ ಟೀಚರ ಎರಡು ಕಾಲುಗಳ ನಡುವೆ ಹಾದುಹೋಯಿತು.

"ಭಾವ, ಕೆಳಗೆ ಏನಾದ್ರೂ ಬಿದ್ದುಹೋಯ್ತಾ?"

"ನಂಬಿಕೆ ಬಿದ್ದುಹೋಯ್ತು," ಎಂದು ಮೇಜಿನಡಿಯಿಂದ ಗಂಭೀರ ಧ್ವನಿ ಬಂತು.

ಗುಬ್ಬಿ ಬಂದವಳೇ ಗೆರೆಯ ಮೇಲೆ ಒಂಟಿಕಾಲಿನಲ್ಲಿ ಕುಪ್ಪಳಿಸತೊಡಗಿದಳು. ಸದ್ದು ಕೇಳಿ ಹೆಂಡತಿ ಸೌಟು ಹಿಡಿದು ಬಂದಳು, ತಮ್ಮ ಕೈಗವಸು ಕಳಚುತ್ತ ತನ್ನ 'ಅಡುಗೆಮನೆ'ಯಿಂದ ಬಂದ.

"ಏನಣ್ಣ ಇದು?"

"ಏನಣ್ಣ ಅಂತ ನನ್ನನ್ನ ಕೇಳ್ತೀಯಾ?" ಅಟ್ಲಾಸ್ ಎದ್ದು ನಿಲ್ಲಲು ಹೋಗಿ ತಲೆಯನ್ನು ಮೇಜಿಗೆ ತಾಗಿಸಿಕೊಂಡ. "ಅಯ್ಯಪ್ಪಾ... ಮನೇನ ನಿನ್ನ ಹೆಸರಿಗೆ ಮಾಡ್ಕೊಳ್ಳೋಕೆ ಹೊರಟಿದೀಯಲ್ಲ, ನನ್ನನ್ನ ಒಂದು ಮಾತು ಕೇಳಿದ್ಯಾ? ಎಲ್ಲ ನನ್ನ ಕಿವಿಗೆ ಬಿದ್ದಿದೆ! ಹೆಸರು ಬದಲಾಯಿಸಬೇಕು, ಅವರಿಗೆ ಗೊತ್ತಾಗಬಾರದು, ಮುಂದಿನ ವಾರದೊಳಗೆ! ನನ್ನ ಸಹಿ ದಪ್ಪವೋ ತೆಳುವೋ ಅಂತ ವಿಚಾರಣೆ ಬೇರೆ!"

ಮೊದಲು ನಕ್ಕವಳು ಹೆಂಡತಿ. ಅವಳು ನಕ್ಕ ರಭಸಕ್ಕೆ ಸೌಟಿನ ಸಾರು ಎರಡೂ ಪ್ರಾಂತಗಳಿಗೆ ಸಮವಾಗಿ ಚಿಮ್ಮಿತು.

"ರೀ, ಗೇಟಿನ ಮೇಲಿನ ಹೆಸರು ಕಣ್ರೀ! ಬೋರ್ಡು! ಅಕ್ಷಾಂಶ ಅನ್ನೋ ಬೋರ್ಡು ತೆಗೆದು ಬೇರೆ ಹಾಕೋಣ ಅಂತ ನಾವು ಮಾತಾಡಿದ್ದು."

"ಬೋರ್ಡಾ?" ಎಂದ ಗಡಿ, ಟೇಪನ್ನು ಸದ್ದಿಲ್ಲದೆ ಸುತ್ತಿಕೊಳ್ಳುತ್ತ.

"ಅದಕ್ಕೆ ನನ್ನಿಂದ ಯಾಕೆ ಮುಚ್ಚಿಡಬೇಕಿತ್ತು?"

"ನಿಮಗೆ ಹೇಳಿದ್ರೆ ಒಂದೊಂದು ಹೆಸರಿಗೂ ಹತ್ತು ಆಕ್ಷೇಪ ತೆಗೀತೀರ. ಗುಬ್ಬಿಗೆ ಹೆಸರಿಡೋವಾಗ ನೋಡಿಲ್ವಾ? ಶಾಲೆಗೆ ಸೇರಿಸೋ ದಿನದವರೆಗೂ ನಿಮ್ಮ ಪರಿಶೀಲನೆ ಮುಗೀಲಿಲ್ಲ. ಅವಳು ಗುಬ್ಬಿಯಾಗೇ ಉಳಿದ್ಲು."

ತಮ್ಮ ನಗುತ್ತಿರಲಿಲ್ಲ. ಕೈಗವಸನ್ನು ಒಂದರೊಳಗೊಂದು ಸಿಕ್ಕಿಸುತ್ತ ನಿಂತಿದ್ದ.

"ಮೊನ್ನೆ ಶಾಲೇಲಿ ನಮ್ಮ ಮನೆ ಅಂತ ಬರೆಯೋಕೆ ಹೇಳಿದ್ರಂತಣ್ಣ. ಇವಳು ಬರೆದಿದ್ದಳು, 'ನಮಗೆ ಮನೆ ಇಲ್ಲ. ನಾವು ದೊಡ್ಡಪ್ಪನ ಮನೆಯಲ್ಲಿ ಇರುತ್ತೇವೆ' ಅಂತ. ಅಲ್ಲಮ್ಮ, ಅರ್ಧ ನಮ್ಮದೇ ಅಂದೆ. 'ಮತ್ತೆ ಬೋರ್ಡು ದೊಡ್ಡಪ್ಪಂದು ಯಾಕೆ?' ಅಂದ್ಲು. ಅವತ್ತೇ ಬೋರ್ಡಿನವನ ಹತ್ರ ಹೋಗಿ ಮಾತಾಡಿದೆ." ಕೈಗವಸನ್ನು ಕಿಸೆಗೆ ತುರುಕಿ, "ನಿನ್ನ ಮನಸ್ಸಲ್ಲಿ ಇಂಥದ್ದು ಓಡ್ತಿದೆ ಅಂತ ಗೊತ್ತಿದ್ರೆ ಬೋರ್ಡಿನ ಸುದ್ದಿಗೇ ಬರ್ತಿರಲಿಲ್ಲ. ಬಿಡು. ಅಕ್ಷಾಂಶವೇ ಇರ್ಲಿ" ಎಂದು ಅವನು ಒಳಗೆ ತಿರುಗಿದ.

ಗೆರೆಯ ಮೇಲೆ ಕುಪ್ಪಳಿಸುತ್ತಿದ್ದ ಮಗು ಎಲ್ಲರ ಮುಖ ನೋಡಿ ನಿಂತುಬಿಟ್ಟಿತು. ಅದರ ಒಂದು ಕಾಲು ಇನ್ನೂ ಗಾಳಿಯಲ್ಲಿತ್ತು. ಯಾವ ಕಡೆ ಊರಬೇಕೆಂದು ತಿಳಿಯದೆ ತೂಗಾಡುತ್ತಿತ್ತು.

"ಯಾರದೋ ಹೆಸರು ಹೇಳ್ಕೊಂಡು ತಿರುಗಬೇಕಾ," ಎಂದಳು ಹೆಂಡತಿ, ಮೆಲ್ಲಗೆ. "ಆಫ್ರಿಕಾದ ಉತ್ತರದವರ ಕಷ್ಟ ನಿಮಗೆ ಇಲ್ಲಿಂದಲೇ ಕಾಣ್ಸತ್ತೆ. ಇವರು ಮನೆಯ ಉತ್ತರದವರು ಕಣ್ರೀ."

ನಿಜ. ತಮ್ಮನ ಕಡೆ ಉತ್ತರಕ್ಕಿತ್ತು. ಅಟ್ಲಾಸ್ ಮತ್ತೆ ಮಂಡಿಯೂರಿದ. ಕಿಸೆಯಿಂದ ಕರವಸ್ತ್ರ ತೆಗೆದು, ಮಗು ಒಂಟಿಕಾಲಿನಲ್ಲಿ ನಿಂತ ಜಾಗದಿಂದಲೇ ಗೆರೆ ಒರೆಸಲು ಶುರುಮಾಡಿದ. ಒರೆಸುತ್ತ ಮೇಜಿನಡಿ ತಲುಪಿದವನು ಅಲ್ಲಿಂದಲೇ ಕೂಗಿದ: "ಲೋ, ನಿಲ್ಲೋ! ಹೊಸ ಹೆಸರು ಏನು ಅಂತಾದ್ರೂ ಹೇಳಿ ಹೋಗೋ!"

ತಮ್ಮ ನಿಂತ.

ಹೆಸರು ಟೀಚರ ರಚನೆ. ಟಾಂಗನಿಕಾ ಮತ್ತು ಜಾಂಜಿಬಾರ್ ಎರಡೂ ಒಂದಾದಾಗ ಎರಡರ ತಲೆ ಸೇರಿಸಿ ಟಾಂಜಾನಿಯ ಮಾಡಿದರೆಂದು ಭಾವನೇ ಎಂದೋ ಹೇಳಿದ್ದ ನೆನಪಿನಲ್ಲಿ, ಅವಳು 'ನಗು'ವಿಗೆ 'ಅಕ್ಷಾಂಶ'ದ ಬಾಲ ಸೇರಿಸಿದ್ದಳು.

"ನಗಂಶ," ಎಂದಳು. "ನಗು ಅಧಿಕ ಅಂಶ. ಉಕಾರ ಲೋಪ. ಲೋಪಸಂಧಿ."

"ನ-ಗಂ-ಶ?" ಅಟ್ಲಾಸ್‌ನ ಒಳಗಿನ ಪರಿಶೀಲಕ ತಟ್ಟನೆ ಎದ್ದು ಕುಳಿತ. "ಅದು ಹೇಗಾಗತ್ತೆ? ನಗು ಕನ್ನಡ, ಅಂಶ ಸಂಸ್ಕೃತ. ಎರಡನ್ನ ಹೀಗೆ ಸೇರಿಸಿದ್ರೆ ಅರಿಸಮಾಸ! ಅರಿ ಅಂದ್ರೆ ಶತ್ರು!"

"ಗೊತ್ತು ಭಾವ, ಪಾಠ ಮಾಡೋಳು ನಾನೇ. ಈ ಮನೇಲಿ ಯಾರು ಯಾರಿಗೆ ಶತ್ರು ಅಂತ ಈಗ ತಾನೆ ಸೀಮೆಸುಣ್ಣದಲ್ಲಿ ಬರೆದಿದ್ರಿ. ಬುರ್ಕಿನಾ ಫಾಸೋ ಕಥೆ ಹೇಳಿದ್ದೂ ನೀವೇ. ಬುರ್ಕಿನಾ ಒಂದು ಭಾಷೆ, ಫಾಸೋ ಇನ್ನೊಂದು ಭಾಷೆ. ಒಬ್ಬರದೇ ಆಗಬಾರದು ಅಂತ ಬೇಕೂಂತಲೇ ಎರಡು ಭಾಷೆ ಬೆರೆಸಿದ್ರು. ದೇಶವೇ ಅರಿಸಮಾಸದಲ್ಲಿ ನಡೀವಾಗ ಗೇಟು ನಡೆಯಲ್ವಾ?"

"ಫಾಸೋ ಅಂದ್ರೆ ತಂದೆಯ ಮನೆ," ಎಂದ ಅಟ್ಲಾಸ್, ಸೋಲುವಾಗಲೂ ಮಾಹಿತಿ ಕೊಡದೆ ಇರಲಾರದೆ.

"ನಿಮಗೆ ಅಂಶ ಉಳೀತಲ್ರೀ, ಸುಮ್ನಿರಿ," ಎಂದಳು ಹೆಂಡತಿ.

ಅವನು ಒಂದೇ ಷರತ್ತು ಹಾಕಿದ: ಕಚೇರಿಯ ನಿಯಮದಂತೆ ಹಳೆಯ ಹೆಸರು ಆವರಣದಲ್ಲಿ ಇರಬೇಕು. ಜನ ಹಳೆಯ ಹೆಸರು ಹಿಡಿದು ಹುಡುಕಿಕೊಂಡು ಬರುವುದು ನಿಲ್ಲುವವರೆಗೆ ಅದನ್ನು ಅಳಿಸಬಾರದು. ವಾರದೊಳಗೆ ಫಲಕ ಬಂತು. ದಪ್ಪಕ್ಷರದಲ್ಲಿ 'ನಗಂಶ', ಕೆಳಗೆ ತೆಳ್ಳಗೆ '(ಹಿಂದಿನ ಅಕ್ಷಾಂಶ)'. ದೂರದಿಂದ ನೋಡಿದರೆ ಕೆಳಗಿನ ಸಾಲಿನಲ್ಲಿ ಆವರಣದ ಎರಡು ಕಂಸಗಳಷ್ಟೇ ಕಾಣುತ್ತಿದ್ದವು.

ಈಗ ಅಟ್ಲಾಸ್‌ನ ಸಂಶಯಕ್ಕೆ ಹೊಸ ಕೆಲಸ ಸಿಕ್ಕಿತು: ಯಾರ ಬಾಯಲ್ಲಿ ಯಾವ ಹೆಸರು? ಬಾಗಿಲ ಸಂದಿಯಲ್ಲಿ ನಿಂತು ಕಿವಿಗೊಟ್ಟ. ಹೆಂಡತಿ ತರಕಾರಿಯವನಿಗೆ "ಅಕ್ಷಾಂಶಕ್ಕೆ ಕಳಿಸಪ್ಪ" ಎಂದಳು. ತಮ್ಮ ರೋಗಿಗೆ ಫೋನಿನಲ್ಲಿ "ಅಕ್ಷಾಂಶ ಅಂತ ಕೇಳಿ, ಯಾರು ಬೇಕಾದ್ರೂ ತೋರಿಸ್ತಾರೆ" ಎಂದ. ಹೆಸರು ಕಟ್ಟಿದ ಟೀಚರೇ ಗ್ಯಾಸಿನವನ ಜೊತೆ, "ನಗಂಶ... ನ, ಗ ಪಕ್ಕ ಸೊನ್ನೆ, ಶ... ಅಯ್ಯೋ, ಅಕ್ಷಾಂಶ ಕಣಪ್ಪ!" ಎಂದು ಸೋತಳು. ಅಟ್ಲಾಸ್ ಒಳಗೊಳಗೇ ಬೀಗಿದ.

"ನಾನು ಹೇಳಲಿಲ್ವಾ?" ಎಂದು ಊಟಕ್ಕೆ ಕುಳಿತಾಗ ಎದೆಯುಬ್ಬಿಸಿ ಶುರುಮಾಡಿದ. "ಕಾಯಿದೆ ಫಲಕಕ್ಕೆ ಮಾತ್ರ ಕೇಳಿಸತ್ತೆ, ನಾಲಿಗೆಗೆ ಕೇಳಿಸಲ್ಲ. ಸಿಲೋನ್ ಹೋಗಿ ಎಷ್ಟು ವರ್ಷ ಆಯ್ತು? ಟೀ ಇನ್ನೂ ಸಿಲೋನ್ ಟೀ. ಬರ್ಮಾ ಮಯನ್ಮಾರ್ ಆಯ್ತು, ಬಡಗಿ ಮಾತ್ರ ಬರ್ಮಾ ತೇಗ ಅಂತಾನೆ. ಮದ್ರಾಸ್ ಅನ್ನೋ ರಾಜ್ಯವೂ ಇಲ್ಲ, ಊರೂ ಇಲ್ಲ, ಹೈಕೋರ್ಟು ಮಾತ್ರ ಮದ್ರಾಸ್ ಹೈಕೋರ್ಟು. ಕಣ್ಣು ಕೆಂಪಾದ್ರೆ ಇವತ್ತಿಗೂ ಮದ್ರಾಸ್ ಐ!"

"ಸರಿ, ಹಳೇ ಹೆಸರು ಯಾವಾಗ ಹೋಗತ್ತೆ ಹಾಗಾದ್ರೆ?" ಎಂದ ತಮ್ಮ.

"ಹಳೇದು ಕಲಿತವರ ಬಾಯಿಂದ ಹೋಗಲ್ಲ. ಹೊಸದನ್ನೇ ಕಲಿತು ಬೆಳೀತಾರಲ್ಲ, ಅವರ ಬಾಯಲ್ಲಿ ಇರೋದೇ ಇಲ್ಲ. ಒಂದು ತಲೆಮಾರು ಬೇಕು," ಎಂದು ಅಟ್ಲಾಸ್ ತೀರ್ಪು ಕೊಟ್ಟ. ಒಂದು ತಲೆಮಾರು ಎಂದರೆ ತನ್ನ ಪಾಲಿಗೆ ಧಾರಾಳವಾಗಿ ಸಾಕು ಎಂದು ಅವನ ಲೆಕ್ಕ.

ಮರುದಿನ ಸಂಜೆ ಕಚೇರಿಯಿಂದ ಬಂದಾಗ ಗೇಟಿನ ಒಳಗೆ ಮೆಟ್ಟಿಲ ಮೇಲೆ ಗುಬ್ಬಿ ಹೊಸ ಗೆಳತಿಯೊಡನೆ ಕುಳಿತಿದ್ದಳು. ಅಟ್ಲಾಸ್ ಅಭ್ಯಾಸಬಲದಿಂದ ಕಂಬದ ಮರೆಯಲ್ಲಿ ನಿಂತ.

"ಇದು ನಮ್ಮ ಮನೆ. ನಗಂಶ," ಎನ್ನುತ್ತಿದ್ದಳು ಗುಬ್ಬಿ, ತೊದಲದೆ, ತಡೆಯದೆ. ಅಟ್ಲಾಸ್‌ಗೆ ಕಂಬದಾಚೆ ಇಣುಕದೆ ಇರಲಾಗಲಿಲ್ಲ. ಅಭಿಮಾನವೇ ಇರಬೇಕು.

"ಕಂಬದ ಹಿಂದೆ ನಿಂತಿದಾರಲ್ಲ, ಅವರು ಯಾರೇ?"

"ಅವರಾ? ನಮ್ಮ ದೊಡ್ಡಪ್ಪ. ನಮ್ಮ ಮನೇಲೇ ಇರ್ತಾರೆ."

"ಯಾಕೆ, ಅವರಿಗೆ ಮನೆ ಇಲ್ವಾ?"

ಗುಬ್ಬಿ ಕತ್ತು ಹೊರಳಿಸಿ ಫಲಕವನ್ನೊಮ್ಮೆ, ದೊಡ್ಡಪ್ಪನನ್ನೊಮ್ಮೆ ನೋಡಿದಳು.

"ಮುಂಚೆ ಇತ್ತಂತೆ," ಎಂದಳು. "ಪಾಪ, ಅವರ ಮುಂದೆ ಕೇಳಬೇಡ."